ಫಿಶರ್ ರೂಪಾಂತರ: ಬೆಲೆಯ ತಿರುವುಗಳನ್ನು ಮೊನಚಾಗಿಸುವ ವಿಧಾನ

ಫಿಶರ್ ರೂಪಾಂತರವು ಷೇರು, ಸರಕು ಹಾಗೂ ಕರೆನ್ಸಿ ಮಾರುಕಟ್ಟೆಗಳ ತಾಂತ್ರಿಕ ವಿಶ್ಲೇಷಣೆಯಲ್ಲಿ ಬಳಕೆಯಲ್ಲಿರುವ ಒಂದು ಗಣಿತ ವಿಧಾನ. ಇದು ಬೆಲೆಯನ್ನು ಮೊದಲು −1 ಮತ್ತು +1ರ ನಡುವಿನ ಸಂಖ್ಯೆಯನ್ನಾಗಿ ಬದಲಾಯಿಸುತ್ತದೆ. ಅನಂತರ ಆ ಸಂಖ್ಯೆಗೆ ಲಘುಗಣಕದ ಸೂತ್ರವೊಂದನ್ನು ಅನ್ವಯಿಸಿ, ಏರಿಕೆ ಮುಗಿದು ಇಳಿಕೆ ಶುರುವಾಗುವ ಅಥವಾ ಇಳಿಕೆ ಮುಗಿದು ಏರಿಕೆ ಶುರುವಾಗುವ ಜಾಗಗಳು ಚಾರ್ಟಿನಲ್ಲಿ ಚೂಪಾದ ಶಿಖರ ಮತ್ತು ಕಣಿವೆಗಳಾಗಿ ಎದ್ದು ಕಾಣುವಂತೆ ಮಾಡುತ್ತದೆ. ಮೊದಲ ಹಂತಕ್ಕೆ ಸಾಮಾನ್ಯೀಕರಣವೆಂದೂ ಎರಡನೆಯದಕ್ಕೆ ರೂಪಾಂತರವೆಂದೂ ಹೆಸರು. ಸೂಚಕವು ತನ್ನ ಹೆಸರನ್ನು ಎರಡನೆಯ ಹಂತದಿಂದ ಪಡೆದಿದ್ದರೂ, ಅದು ಯಾವಾಗ ತಿರುಗುತ್ತದೆ, ಯಾವಾಗ ದಾರಿ ತಪ್ಪಿಸುತ್ತದೆ ಎಂಬುದರ ಬಹುಪಾಲು ಮೊದಲನೆಯ ಹಂತದಲ್ಲಿಯೇ ತೀರ್ಮಾನವಾಗಿರುತ್ತದೆ. ಆದ್ದರಿಂದ ಈ ವಿಧಾನದ ಬಲವನ್ನೂ ದೌರ್ಬಲ್ಯವನ್ನೂ ಅರಿಯಬೇಕಾದರೆ ಸಾಮಾನ್ಯೀಕರಣದಿಂದಲೇ ಆರಂಭಿಸಬೇಕಾಗುತ್ತದೆ.

ಹಿನ್ನೆಲೆ

ಸೂತ್ರದ ಮೂಲ ಇರುವುದು ಮಾರುಕಟ್ಟೆಯಲ್ಲಲ್ಲ, ಸಂಖ್ಯಾಶಾಸ್ತ್ರದಲ್ಲಿ. ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಅವರು 1915 ಮತ್ತು 1921ರ ಪ್ರಬಂಧಗಳಲ್ಲಿ ಸಹಸಂಬಂಧ ಗುಣಾಂಕವನ್ನು, ಅಂದರೆ ಎರಡು ಪರಿಮಾಣಗಳು ಎಷ್ಟರ ಮಟ್ಟಿಗೆ ಜೊತೆಜೊತೆಯಾಗಿ ಏರಿಳಿಯುತ್ತವೆ ಎಂಬುದನ್ನು −1ರಿಂದ +1ರವರೆಗಿನ ಅಳತೆಯಲ್ಲಿ ಹೇಳುವ ಸಂಖ್ಯೆಯನ್ನು, ಅಧ್ಯಯನ ಮಾಡಿದರು. ಚಿಕ್ಕ ಮಾದರಿಗಳಿಂದ ಪಡೆದ ಈ ಗುಣಾಂಕವು ±1ರ ಹತ್ತಿರ ಬಂದಂತೆ ಅದರ ಚದುರುವಿಕೆ ಕುಗ್ಗಿ ಒಂದು ಬದಿಗೆ ವಾಲುತ್ತದೆ. ಫಿಶರ್ ಅವರ ರೂಪಾಂತರವು ಆ ಓರೆಯನ್ನು ಸರಿಪಡಿಸಿ, ಚದುರುವಿಕೆಯು ಮಾದರಿಯ ಗಾತ್ರವನ್ನು ಮಾತ್ರ ಅವಲಂಬಿಸುವಂತೆ ಮಾಡಿತು. 

ಈ ಸೂತ್ರವನ್ನು ಬೆಲೆಗೆ ಅನ್ವಯಿಸಿದವರು ಅಮೆರಿಕದ ಜಾನ್ ಎಹ್ಲರ್ಸ್. ವಿದ್ಯುತ್ ಎಂಜಿನಿಯರಿಂಗ್ ಹಿನ್ನೆಲೆಯ ಅವರು ಸಂಕೇತ ಸಂಸ್ಕರಣೆಯ ಉಪಕರಣಗಳನ್ನು ಬೆಲೆಯ ಸರಣಿಗಳ ಮೇಲೆ ಪ್ರಯೋಗಿಸಿದವರಲ್ಲಿ ಪ್ರಮುಖರು. 2002ರಲ್ಲಿ ವ್ಯಾಪಾರಿಗಳ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಲೇಖನದಲ್ಲಿಯೂ 2004ರ ತಮ್ಮ ಗ್ರಂಥದಲ್ಲಿಯೂ ಅವರು ಇದನ್ನು ವಿವರಿಸಿದರು. ಎರಡು ಬಳಕೆಗಳ ನಡುವಿನ ಒಂದು ವ್ಯತ್ಯಾಸ ಗಮನಾರ್ಹ. ಸಹಸಂಬಂಧ ಗುಣಾಂಕದ ವಿಷಯದಲ್ಲಿ ರೂಪಾಂತರದ ಫಲ ಹೀಗೆಯೇ ಇರುತ್ತದೆ ಎಂದು ಹೇಳಲು ಗಣಿತ ಸಿದ್ಧಾಂತದ ಆಧಾರವಿದೆ; ಬೆಲೆಯ ವಿಷಯದಲ್ಲಿ ಅಂಥ ಆಧಾರವಿಲ್ಲ, ಇಲ್ಲಿ ಎರವಲಾಗಿ ಬಂದಿರುವುದು ಸೂತ್ರದ ಆಕಾರ ಮಾತ್ರ.

ಸಾಮಾನ್ಯೀಕರಣ

ರೂಪಾಂತರದ ಸೂತ್ರಕ್ಕೆ −1 ಮತ್ತು +1ರ ನಡುವಿನ ಸಂಖ್ಯೆಯೇ ಬೇಕು. ಷೇರಿನ ಬೆಲೆ 85 ರೂಪಾಯಿ ಇರಬಹುದು, 24,000 ಅಂಶಗಳ ಸೂಚ್ಯಂಕವೂ ಇರಬಹುದು. ಎರಡನ್ನೂ ಆ ಮಿತಿಯೊಳಗೆ ತರುವ ಕೆಲಸವೇ ಸಾಮಾನ್ಯೀಕರಣ. ಇದರಲ್ಲಿ ಪ್ರತಿ ದಿನದ ಗರಿಷ್ಠ ಮತ್ತು ಕನಿಷ್ಠ ಬೆಲೆಗಳ ಸರಾಸರಿಯನ್ನು ಆ ದಿನದ ಮಧ್ಯಬೆಲೆಯೆಂದು ತೆಗೆದುಕೊಂಡು, ಇಂದೂ ಸೇರಿದಂತೆ ಹಿಂದಿನ ಕೆಲವು ದಿನಗಳ, ಸಾಮಾನ್ಯವಾಗಿ 10 ದಿನಗಳ, ಮಧ್ಯಬೆಲೆಗಳಲ್ಲಿ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಗುರುತಿಸಿ, ಆ ಎರಡರ ನಡುವೆ ಇಂದಿನ ಮಧ್ಯಬೆಲೆ ಎಲ್ಲಿ ನಿಂತಿದೆ ಎಂದು ನೋಡಲಾಗುತ್ತದೆ. ಕೆಳತುದಿಯಲ್ಲಿದ್ದರೆ ಉತ್ತರ −1, ಮೇಲ್ತುದಿಯಲ್ಲಿದ್ದರೆ +1, ನಟ್ಟನಡುವೆ ಇದ್ದರೆ ಸೊನ್ನೆ.

ಸೂತ್ರರೂಪದಲ್ಲಿ, P ಮಧ್ಯಬೆಲೆಯನ್ನೂ, H ಮತ್ತು L ಆಯ್ದ ಅವಧಿಯ ಮೇಲ್ತುದಿ ಮತ್ತು ಕೆಳತುದಿಯನ್ನೂ ಸೂಚಿಸಿದರೆ, ಇಡೀ ಲೆಕ್ಕ ಮೂರು ಸಾಲುಗಳಲ್ಲಿ ಮುಗಿಯುತ್ತದೆ:

```
x = 2 * ((P - L) / (H - L) - 0.5)
v = 0.33 * x + 0.67 * v[1]
F = 0.5 * ln((1 + v) / (1 - v)) + 0.5 * F[1]
```

ಇಲ್ಲಿ [1] ಎಂಬ ಗುರುತು ಹಿಂದಿನ ದಿನದ ಮೌಲ್ಯವನ್ನೂ ln ಸ್ವಾಭಾವಿಕ ಲಘುಗಣಕವನ್ನೂ ಸೂಚಿಸುತ್ತದೆ. ಮೊದಲ ಸಾಲು ಶುದ್ಧ ಸಾಮಾನ್ಯೀಕರಣ. ಸ್ಟೊಕ್ಯಾಸ್ಟಿಕ್ ಎಂಬ ಹಳೆಯ ಸೂಚಕವನ್ನು ಬಲ್ಲವರಿಗೆ ಇದು ಅದರ ನಿಕಟ ಬಂಧುವೆಂಬುದು ಕೂಡಲೇ ಹೊಳೆಯುತ್ತದೆ. ಆದರೆ ಅದು ಮುಕ್ತಾಯ ಬೆಲೆಯನ್ನು ದಿನಗಳ ನಿಜವಾದ ಗರಿಷ್ಠ, ಕನಿಷ್ಠಗಳೊಂದಿಗೆ ಹೋಲಿಸಿದರೆ, ಇದು ಮಧ್ಯಬೆಲೆಯನ್ನು ಮಧ್ಯಬೆಲೆಗಳೊಂದಿಗೇ ಹೋಲಿಸುತ್ತದೆ. ಹೀಗಾಗಿ ಮಧ್ಯಬೆಲೆ ಹೊಸ ಎತ್ತರ ಮುಟ್ಟಿದ ಪ್ರತಿ ದಿನವೂ x ನಿಖರವಾಗಿ +1 ಆಗುತ್ತದೆ.

ಇಲ್ಲಿಯೇ ಮೊದಲ ತೊಡಕು ಎದುರಾಗುತ್ತದೆ. ಮೂರನೆಯ ಸಾಲಿನ ಭಿನ್ನರಾಶಿಯ ಛೇದದಲ್ಲಿ 1ರಿಂದ v ಕಳೆಯಬೇಕಾಗಿರುವುದರಿಂದ, +1 ಎಂಬ ಮೌಲ್ಯವನ್ನು ನೇರವಾಗಿ ಕೊಟ್ಟರೆ ಸೊನ್ನೆಯಿಂದ ಭಾಗಿಸಿದಂತಾಗಿ ಉತ್ತರ ಅನಂತಕ್ಕೆ ಹಾರುತ್ತದೆ. ಎರಡನೆಯ ಸಾಲಿನ ನಯಗೊಳಿಕೆ ಈ ತೊಡಕನ್ನು ತಡೆಯುತ್ತದೆ: ಇಂದಿನ x ಮೌಲ್ಯಕ್ಕೆ ಮೂರನೆಯ ಒಂದು ಪಾಲಿನಷ್ಟು ತೂಕ ಕೊಟ್ಟು, ಉಳಿದ ತೂಕವನ್ನು ನಿನ್ನೆಯ ಮೌಲ್ಯಕ್ಕೆ ಕೊಡುವುದರಿಂದ v ಒಮ್ಮೆಲೆ ತುದಿಗೆ ನೆಗೆಯದೆ ಮೆಲ್ಲನೆ ಅದರತ್ತ ಸರಿಯುತ್ತದೆ. ಸೊನ್ನೆಯಿಂದ ಹೊರಟ v 0.99ನ್ನು ದಾಟಬೇಕಾದರೆ x ಸತತ 12 ದಿನ +1ರಲ್ಲಿಯೇ ಇರಬೇಕು. ಅಷ್ಟಾದರೂ ಅಪಾಯ ತಪ್ಪದ ಕಾರಣ, v 0.99ನ್ನು ಮೀರಿದರೆ ಅದನ್ನು 0.999 ಎಂದು ಹಿಡಿಯುವ ಕತ್ತರಿಯೊಂದನ್ನು ಎಹ್ಲರ್ಸ್ ಅಳವಡಿಸಿದರು. ಋಣ ಬದಿಯಲ್ಲಿಯೂ ಹೀಗೆಯೇ. ಈ ಕತ್ತರಿಗೆ ತನ್ನದೇ ಒಂದು ಅಡ್ಡಪರಿಣಾಮವಿದೆ. 0.99ರ ರೂಪಾಂತರ ಸುಮಾರು 2.65, 0.999ರದು ಸುಮಾರು 3.80; ಆದ್ದರಿಂದ v ಆ ಗೆರೆ ದಾಟಿದ ದಿನ ಸೂಚಕ ಏಕಾಏಕಿ ಒಂದಕ್ಕಿಂತ ಹೆಚ್ಚು ಅಂಶ ಮೇಲಕ್ಕೆ ಜಿಗಿಯುತ್ತದೆ. ಆ ಜಿಗಿತ ಮಾರುಕಟ್ಟೆಯಲ್ಲಿ ನಡೆದದ್ದಲ್ಲ, ಲೆಕ್ಕದಲ್ಲಿ ನಡೆದದ್ದು.

ರೂಪಾಂತರ ಮತ್ತು ಮೊನಚು

ರೂಪಾಂತರದ ಸೂತ್ರವು ಸೊನ್ನೆಯ ಆಸುಪಾಸಿನ ಮೌಲ್ಯಗಳನ್ನು ಬಹುತೇಕ ಇದ್ದಂತೆಯೇ ಬಿಡುತ್ತದೆ, ತುದಿಗಳ ಬಳಿಯ ಮೌಲ್ಯಗಳನ್ನು ಮಾತ್ರ ಬಲವಾಗಿ ಹಿಗ್ಗಿಸುತ್ತದೆ. v ಸೊನ್ನೆಯ ಹತ್ತಿರವಿದ್ದಾಗ ಅದರಲ್ಲಾಗುವ ಸಣ್ಣ ಬದಲಾವಣೆ ಅಷ್ಟೇ ದೊಡ್ಡದಾಗಿ ಹೊರಬರುತ್ತದೆ, v 0.5 ಇದ್ದಾಗ 1.3 ಪಟ್ಟು, 0.9 ಇದ್ದಾಗ 5 ಪಟ್ಟಿಗಿಂತ ತುಸು ಹೆಚ್ಚು, 0.99 ಇದ್ದಾಗ ಸುಮಾರು 50 ಪಟ್ಟು ದೊಡ್ಡದಾಗುತ್ತದೆ. ಬೆಲೆ ಶಿಖರದ ಬಳಿ ನಿಧಾನಿಸಿ, ದುಂಡಾಗಿ ಬಾಗಿ ಇಳಿಯುವಾಗ ಸಾಮಾನ್ಯೀಕೃತ ರೇಖೆಯಲ್ಲಿ ದಿನದಿಂದ ದಿನಕ್ಕೆ ಆಗುವ ವ್ಯತ್ಯಾಸ ಅತ್ಯಲ್ಪ. ಅದೇ ವ್ಯತ್ಯಾಸ ರೂಪಾಂತರದ ಬಳಿಕ ಹಲವು ಪಟ್ಟು ಹಿಗ್ಗುವುದರಿಂದ ದುಂಡನೆಯ ಗುಡ್ಡ ಚೂಪಾದ ಶಿಖರವಾಗುತ್ತದೆ. ಸೂಚಕದ ರೇಖೆಯ ಜೊತೆಗೆ, ಅದರದೇ ಹಿಂದಿನ ದಿನದ ಮೌಲ್ಯಗಳಿಂದಾದ ಎರಡನೆಯ ರೇಖೆಯೊಂದನ್ನು ಎಳೆಯುವುದು ರೂಢಿ. ಮೊದಲ ರೇಖೆ ಎರಡನೆಯದನ್ನು ಅಡ್ಡಹಾಯ್ದ ದಿನವೇ ತಿರುವಿನ ಸೂಚನೆ. ಶಿಖರ ಚೂಪಾಗಿದ್ದಷ್ಟೂ ಎರಡು ರೇಖೆಗಳ ನಡುವೆ ಹೆಚ್ಚು ಅಂತರ ಬಿದ್ದು ಈ ಹಾಯುವಿಕೆ ನಿಚ್ಚಳವಾಗಿ ಕಾಣುತ್ತದೆ.

ಆದರೆ ಮೊನಚು ಎಂಬುದನ್ನು ವೇಗವೆಂದು ತಿಳಿಯಬಾರದು. ಲಘುಗಣಕದ ಈ ಸೂತ್ರ ಏಕದಿಕ್ಕಿನದು. ಅಂದರೆ v ಏರಿದರೆ ಉತ್ತರವೂ ಏರುತ್ತದೆ, v ಇಳಿದರೆ ಉತ್ತರವೂ ಇಳಿಯುತ್ತದೆ. ಹೀಗಿರುವಾಗ ರೂಪಾಂತರಗೊಂಡ ರೇಖೆ ತಿರುಗುವ ದಿನ v ತಿರುಗುವ ದಿನವೇ ಆಗಿರಲೇಬೇಕು, ಒಂದು ದಿನ ಮೊದಲಾಗಲು ಸಾಧ್ಯವೇ ಇಲ್ಲ. ಮೂರನೆಯ ಸಾಲಿನ ಕೊನೆಯಲ್ಲಿ ಹಿಂದಿನ ದಿನದ F ಮೌಲ್ಯದ ಅರ್ಧವನ್ನು ಕೂಡಿಸುವ ಎರಡನೆಯ ನಯಗೊಳಿಕೆಯು ತಿರುವನ್ನು ತಡಮಾಡಿಸಬಲ್ಲದು. ರೂಪಾಂತರ ಕೊಡುವುದು ಸ್ಪಷ್ಟತೆಯನ್ನು, ಮುನ್ಸೂಚನೆಯನ್ನಲ್ಲ.

ವಿತರಣೆಯ ಪ್ರಶ್ನೆ

ಎಹ್ಲರ್ಸ್ ಈ ಸೂತ್ರವನ್ನು ಆಯ್ದುಕೊಂಡದ್ದಕ್ಕೆ ಕಾರಣ ವಿತರಣೆಯ ಕುರಿತಾದದ್ದು. ವಿತರಣೆಯೆಂದರೆ ಒಂದು ಪರಿಮಾಣ ಯಾವ ಮೌಲ್ಯದ ಬಳಿ ಎಷ್ಟು ಕಾಲ ಇರುತ್ತದೆ ಎಂಬುದರ ಚಿತ್ರ. ಪ್ರಸಾಮಾನ್ಯ ವಿತರಣೆಯಲ್ಲಿ ಹೆಚ್ಚಿನ ಮೌಲ್ಯಗಳು ನಡುವೆ ಒತ್ತಾಗಿದ್ದು ತುದಿಗಳಲ್ಲಿ ವಿರಳವಾಗಿರುತ್ತವೆ. ಘಂಟೆಯಾಕಾರದ ವಕ್ರರೇಖೆ ಇದರದು. ಅಲೆಯಂತೆ ಏರಿಳಿಯುವ ಬೆಲೆಯ ಸ್ವಭಾವ ಇದಕ್ಕೆ ತದ್ವಿರುದ್ಧ. ಶುದ್ಧ ಸೈನ್ ಅಲೆಯೊಂದನ್ನು ತೆಗೆದುಕೊಂಡರೆ, ಅದು ನಡುಭಾಗವನ್ನು ವೇಗವಾಗಿ ದಾಟಿ ತುದಿಗಳಲ್ಲಿ ತಂಗುತ್ತದೆ: −0.1 ಮತ್ತು +0.1ರ ನಡುವೆ ಅದು ಕಳೆಯುವುದು ತನ್ನ ಕಾಲದ ಸುಮಾರು ಶೇ. 6 ಮಾತ್ರ, ಒಟ್ಟು ಅಷ್ಟೇ ಅಗಲವುಳ್ಳ, ಎರಡೂ ಬದಿಗಳಲ್ಲಿ 0.9ರ ಆಚೆಗಿನ ಪಟ್ಟಿಗಳಲ್ಲಿ ಅದು ಕಳೆಯುವುದು ಸುಮಾರು ಶೇ. 29. ತುದಿಯಲ್ಲಿರುವುದೇ ಸಾಮಾನ್ಯ ಸ್ಥಿತಿಯಾದರೆ, ತುದಿ ಮುಟ್ಟಿತೆಂಬುದು ಒಂದು ಸೂಚನೆಯಾಗಿ ಉಳಿಯುವುದಿಲ್ಲ. ರೂಪಾಂತರವು ತುದಿಗಳನ್ನು ಹಿಗ್ಗಿಸಿ ಅಲ್ಲಿಯ ದಟ್ಟಣೆಯನ್ನು ಚದುರಿಸುವುದರಿಂದ ವಿತರಣೆ ಘಂಟೆಯಾಕಾರಕ್ಕೆ ಹತ್ತಿರ ಬರುತ್ತದೆ, ಆಗ ದೊಡ್ಡ ಮೌಲ್ಯ ಎಂಬುದು ನಿಜವಾಗಿಯೂ ಅಪರೂಪದ ಮೌಲ್ಯವಾಗುತ್ತದೆ ಎಂಬುದು ಎಹ್ಲರ್ಸ್ ಅವರ ವಾದ.

ಈ ವಾದ ಒಂದು ಮಟ್ಟದವರೆಗೆ ಸರಿ. ಸೈನ್ ಅಲೆಯ ಮೇಲೆ ಸೂತ್ರವನ್ನು ಪ್ರಯೋಗಿಸಿದಾಗ ದೊರೆಯುವ ವಕ್ರರೇಖೆ ಘಂಟೆಯಾಕಾರದ್ದೇ ಆಗಿರುತ್ತದೆ; ಆದರೆ ಅದು ಪ್ರಸಾಮಾನ್ಯ ವಿತರಣೆಯಲ್ಲ, ಅದಕ್ಕಿಂತ ದಪ್ಪನೆಯ ಬಾಲವುಳ್ಳದ್ದು. ನಡುಬಿಂದುವಿನಿಂದ ಮೂರು ಮಾನಕ ವಿಚಲನೆಗಳಾಚೆಗಿನ ಮೌಲ್ಯಗಳು ಪ್ರಸಾಮಾನ್ಯ ವಿತರಣೆಯಲ್ಲಿ ಶೇ. 0.27ರಷ್ಟು ಮಾತ್ರ ಬರುತ್ತವೆ. ರೂಪಾಂತರಗೊಂಡ ಸೈನ್ ಅಲೆಯಲ್ಲಿ ಶೇ. 1.1ರಷ್ಟು, ಅಂದರೆ ಅದರ ನಾಲ್ಕು ಪಟ್ಟು ಬರುತ್ತವೆ. ಆದ್ದರಿಂದ ಸೂಚಕ ಇಷ್ಟು ಮೇಲೇರಿದೆ, ತಿರುವಿನ ಸಂಭವ ಇಷ್ಟು ಶೇಕಡ ಎಂದು ಪ್ರಸಾಮಾನ್ಯ ವಿತರಣೆಯ ಕೋಷ್ಟಕ ನೋಡಿ ಹೇಳುವುದಕ್ಕೆ ಆಧಾರವಿಲ್ಲ. ನಿಜವಾದ ಬೆಲೆಯಂತೂ ಸೈನ್ ಅಲೆಯೂ ಅಲ್ಲ.

ಒಂದು ಲೆಕ್ಕ

ವಿಧಾನದ ನಡಿಗೆಯನ್ನು ಹತ್ತಿರದಿಂದ ನೋಡಲು ಕಲ್ಪಿತ ಬೆಲೆಗಳ ಒಂದು ಚಿಕ್ಕ ಸರಣಿ ಸಾಕು. ಸುಲಭಕ್ಕಾಗಿ ಅವಧಿಯನ್ನು 5 ದಿನವೆಂದು ಇಟ್ಟುಕೊಂಡು, ಮೊದಲ ನಾಲ್ಕು ದಿನಗಳ ಮಧ್ಯಬೆಲೆಗಳು 100, 102, 101, 104 ಎಂದೂ, ಐದನೆಯ ದಿನಕ್ಕೆ ಮುಂಚೆ v ಮತ್ತು F ಎರಡೂ ಸೊನ್ನೆಯೆಂದೂ ಭಾವಿಸಿದರೆ ಮುಂದಿನ ದಿನಗಳು ಹೀಗೆ ಸಾಗುತ್ತವೆ:

| ದಿನ | ಮಧ್ಯಬೆಲೆ | x | v | F |
|---|---|---|---|---|
| 5 | 106 | +1.00 | 0.33 | 0.34 |
| 6 | 109 | +1.00 | 0.55 | 0.79 |
| 7 | 110 | +1.00 | 0.70 | 1.26 |
| 8 | 108 | +0.33 | 0.58 | 1.29 |
| 9 | 105 | −1.00 | 0.06 | 0.70 |
| 10 | 103 | −1.00 | −0.29 | 0.05 |

ಬೆಲೆಯ ಶಿಖರ ಏಳನೆಯ ದಿನದ 110. ಎಂಟನೆಯ ದಿನ ಬೆಲೆ 108ಕ್ಕೆ ಇಳಿದಾಗ, ಆ ಹೊತ್ತಿನ ಐದು ದಿನಗಳ ವ್ಯಾಪ್ತಿ 104ರಿಂದ 110. ಅದರಲ್ಲಿ 108 ಇರುವುದು ಕೆಳಗಿನಿಂದ ಮೂರನೆಯ ಎರಡು ಭಾಗದಷ್ಟು ಮೇಲೆ. ಹಾಗಾಗಿ x 0.33ಕ್ಕೆ ಇಳಿಯುತ್ತದೆ, ಅದರ ಹಿಂದೆಯೇ v ಕೂಡ 0.70ರಿಂದ 0.58ಕ್ಕೆ ಇಳಿಯುತ್ತದೆ. ತಿರುವು ನಡೆದಿದೆ ಎಂಬ ಮಾಹಿತಿ ಸಾಮಾನ್ಯೀಕೃತ ಬೆಲೆಯಲ್ಲಿ ಎಂಟನೆಯ ದಿನವೇ ಇದೆ. ಆದರೂ F ಆ ದಿನ 1.26ರಿಂದ 1.29ಕ್ಕೆ ತುಸು ಏರಿಯೇ ಇದೆ, ಕಾರಣ, 0.58ರ ರೂಪಾಂತರವಾದ 0.66ಕ್ಕೆ ಹಿಂದಿನ ದಿನದ 1.26ರ ಅರ್ಧ ಬಂದು ಸೇರಿದೆ. ಒಂಬತ್ತನೆಯ ದಿನ F 0.70ಕ್ಕೆ ಕುಸಿದಾಗ ಮಾತ್ರ ರೇಖೆಗಳು ಒಂದನ್ನೊಂದು ಅಡ್ಡಹಾಯುತ್ತವೆ. ಆ ಹಾಯುವಿಕೆಯಲ್ಲಿ ಸಂದೇಹಕ್ಕೆ ಎಡೆಯಿಲ್ಲ, ಆದರೆ ಅಷ್ಟರಲ್ಲಿ ಬೆಲೆ ಶಿಖರದಿಂದ 5 ರೂಪಾಯಿ ಕೆಳಗಿಳಿದಿರುತ್ತದೆ. ಇಲ್ಲಿ ಒಂದು ದಿನದ ವಿಳಂಬ ಬಂದಿರುವುದು ರೂಪಾಂತರದಿಂದಲ್ಲ, ಅದರ ನಂತರದ ನಯಗೊಳಿಕೆಯಿಂದ. ಆ ನಯಗೊಳಿಕೆಯನ್ನು ಕೈಬಿಟ್ಟರೆ ಸೂಚನೆ ಎಂಟನೆಯ ದಿನವೇ ಸಿಗುತ್ತದೆ. ಆದರೆ ನಡುದಾರಿಯ ಸಣ್ಣಪುಟ್ಟ ಏರಿಳಿತಗಳೂ ಸೂಚನೆಗಳಾಗಿ ಬರತೊಡಗುತ್ತವೆ.

ಮಿತಿಗಳು

ಸೂಚಕ ಹೆಚ್ಚಾಗಿ ಸೋಲುವುದು ಬೆಲೆ ಒಂದೇ ದಿಕ್ಕಿನಲ್ಲಿ ದೀರ್ಘಕಾಲ ಸಾಗುವ ಟ್ರೆಂಡಿನಲ್ಲಿ. ಆಗ ಬಹುತೇಕ ಪ್ರತಿ ದಿನವೂ ಹೊಸ ಎತ್ತರವಾಗುವುದರಿಂದ x +1ಕ್ಕೆ ಅಂಟಿಕೊಂಡು, v ತುದಿಯತ್ತ ಸರಿದು, F ಬಹಳ ಮೇಲೆ ನಿಲ್ಲುತ್ತದೆ. ತುದಿಯ ಬಳಿ ಹಿಗ್ಗುವಿಕೆ ಅತ್ಯಧಿಕವಾಗಿರುವ ಕಾರಣ, ಬೆಲೆ ಒಂದೆರಡು ದಿನ ದಣಿವಾರಿಸಿಕೊಳ್ಳಲು ನಿಂತರೂ ಸಾಕು, ಸೂಚಕ ದೊಡ್ಡ ತಿರುವಿನಂಥ ಚೂಪಾದ ಇಳಿತವನ್ನು ತೋರಿಸಿಬಿಡುತ್ತದೆ. ಬೆಲೆ ಮಾತ್ರ ಮತ್ತೆ ಏರುತ್ತಲೇ ಹೋಗುತ್ತದೆ. ಇದನ್ನು ಗುರುತಿಸುವ ದಾರಿ F ಮೌಲ್ಯದಲ್ಲಿಲ್ಲ, x ಮೌಲ್ಯದಲ್ಲಿದೆ: x ಸತತವಾಗಿ ಹಲವು ದಿನ ಒಂದೇ ತುದಿಯಲ್ಲಿ ನಿಂತಿದ್ದರೆ ಆಯ್ದ ಅವಧಿ ಮಾರುಕಟ್ಟೆಯ ಆಗಿನ ಅಲೆಗಿಂತ ಬಹಳ ಚಿಕ್ಕದಾಗಿದೆ, ಅಲ್ಲಿ ಅಲೆಯೇ ಇಲ್ಲದಿರಲೂಬಹುದು ಎಂದರ್ಥ. ಅಲೆಗಿಂತ ತೀರ ಚಿಕ್ಕ ಅವಧಿಯಲ್ಲಿ x ಎರಡು ತುದಿಗಳ ನಡುವೆ ಮಾತ್ರ ನೆಗೆದಾಡುತ್ತದೆ. ತೀರ ದೀರ್ಘ ಅವಧಿಯಲ್ಲಿ ಹಳೆಯ ಟ್ರೆಂಡಿನ ವ್ಯಾಪ್ತಿಯೇ ದೊಡ್ಡದಾಗಿ, ಇಂದಿನ ಏರಿಳಿತ ಅದರೊಳಗೆ ಮುಳುಗಿಹೋಗುತ್ತದೆ.

ಎರಡನೆಯ ಮಿತಿ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವಂಥದ್ದಲ್ಲ. ಅವಧಿಯ ಕಿಟಕಿ ದಿನದಿಂದ ದಿನಕ್ಕೆ ಮುಂದೆ ಸರಿಯುವಾಗ ಹಳೆಯ ದಿನವೊಂದು ಅದರಿಂದ ಹೊರಬೀಳುತ್ತದೆ. ಐದು ದಿನಗಳ ಮಧ್ಯಬೆಲೆಗಳು 95, 100, 103, 102, 102 ಎಂದಿದ್ದರೆ, ವ್ಯಾಪ್ತಿ 95ರಿಂದ 103 ಆಗಿ x 0.75 ಇರುತ್ತದೆ. ಮರುದಿನವೂ ಬೆಲೆ 102ರಲ್ಲಿಯೇ ನಿಂತರೆ 95 ಹೊರಬಿದ್ದು ಕೆಳತುದಿ 100ಕ್ಕೆ ಏರುತ್ತದೆ, ಆಗ x 0.33ಕ್ಕೆ ಕುಸಿಯುತ್ತದೆ. ಬೆಲೆ ಒಂದು ಪೈಸೆಯೂ ಅಲುಗಾಡದೆ ಸೂಚಕ ಇಳಿಕೆಯ ಕಡೆ ತಿರುಗಬಹುದು. ಇಂಥ ಸೂಚನೆ ಇಂದಿನ ಮಾರುಕಟ್ಟೆಯದಲ್ಲ, ಐದು ದಿನ ಹಿಂದಿನ ಬೆಲೆಯೊಂದು ಲೆಕ್ಕದಿಂದ ಹೊರನಡೆದುದರದು. ಸೂಚಕ ತಿರುಗಿದ ದಿನ ಮೇಲ್ತುದಿ ಅಥವಾ ಕೆಳತುದಿ ಬದಲಾಗಿದೆಯೇ ಎಂದು ನೋಡಿದರೆ ಇದು ಪತ್ತೆಯಾಗುತ್ತದೆ. ವಹಿವಾಟೇ ವಿರಳವಾಗಿರುವ ಷೇರುಗಳಲ್ಲಿ ಇದರ ಅತಿರೇಕವೂ ಉಂಟು: ಇಡೀ ಅವಧಿಯಲ್ಲಿ ಮಧ್ಯಬೆಲೆ ಬದಲಾಗದಿದ್ದರೆ ಎರಡೂ ತುದಿಗಳು ಒಂದೇ ಆಗಿ ಮೊದಲ ಸಾಲಿನಲ್ಲಿಯೇ ಸೊನ್ನೆಯಿಂದ ಭಾಗಿಸಬೇಕಾಗಿ ಬರುತ್ತದೆ. ಅಂಥ ದಿನಗಳಲ್ಲಿ x ಸೊನ್ನೆಯೆಂದು, ಇಲ್ಲವೇ ಹಿಂದಿನ ದಿನದ ಮೌಲ್ಯವೆಂದು ಹಿಡಿಯುವ ನಿಯಮವನ್ನು ಮೊದಲೇ ಬರೆದಿಟ್ಟಿರಬೇಕಾಗುತ್ತದೆ.

ಮೂರನೆಯದು ದಿನ ಮುಗಿಯುವ ಮುನ್ನವೇ ಸೂಚಕವನ್ನು ಓದುವುದರಿಂದ ಬರುವ ತಪ್ಪು. ಮಧ್ಯಬೆಲೆಯು ದಿನದ ಗರಿಷ್ಠ ಮತ್ತು ಕನಿಷ್ಠಗಳಿಂದ ಹುಟ್ಟುವುದರಿಂದ, ಮಧ್ಯಾಹ್ನದ ನಂತರ ಹೊಸ ಗರಿಷ್ಠ ಬಂದರೆ ಬೆಳಗ್ಗೆ ಕಂಡಿದ್ದ ಹಾಯುವಿಕೆ ಸಂಜೆಯ ಹೊತ್ತಿಗೆ ಅಳಿಸಿಹೋಗಬಹುದು. ಹಳೆಯ ಚಾರ್ಟಿನಲ್ಲಿ ಕಾಣುವುದೆಲ್ಲ ಮುಗಿದ ದಿನಗಳ ಮೌಲ್ಯಗಳೇ ಆದ್ದರಿಂದ ಅಲ್ಲಿ ಇಂಥ ಅಳಿದ ಸೂಚನೆಗಳ ಕುರುಹು ಉಳಿದಿರುವುದಿಲ್ಲ, ಸೂಚಕ ನಿಜಕ್ಕಿಂತ ಹೆಚ್ಚು ನಂಬಿಕಸ್ಥವಾಗಿ ತೋರುತ್ತದೆ.

ಈ ವಿಧಾನವನ್ನು ಪರೀಕ್ಷಿಸಲು ಬಯಸುವವರಿಗೆ ಮೇಲಿನ ಮೂರು ಸಾಲುಗಳೇ ಒಂದು ಸರಳ ದಾರಿಯನ್ನು ಒದಗಿಸುತ್ತವೆ. ಒಂದೇ ಬೆಲೆಯ ಸರಣಿಯ ಮೇಲೆ v ರೇಖೆಯ ತಿರುವುಗಳನ್ನೂ F ರೇಖೆಯ ತಿರುವುಗಳನ್ನೂ ಬೇರೆಬೇರೆಯಾಗಿ ಗುರುತಿಸಿ, ಎರಡರ ದಿನಾಂಕಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಬಹುದು. ಎರಡೂ ಹೊಂದುವ ಕಡೆ ರೂಪಾಂತರವು ಕಣ್ಣಿಗೆ ಸ್ಪಷ್ಟತೆಯನ್ನಷ್ಟೇ ಕೊಟ್ಟಿರುತ್ತದೆ. ಹೊಂದದ ಕಡೆ ವ್ಯತ್ಯಾಸಕ್ಕೆ ಕಾರಣವಾದದ್ದು ಕೊನೆಯ ನಯಗೊಳಿಕೆ ಅಥವಾ ತುದಿಯ ಕತ್ತರಿ. ಹೀಗೆ ಬಿಡಿಸಿ ನೋಡಿದಾಗ ಯಾವ ಸೂಚನೆ ಬೆಲೆಯಿಂದ ಬಂದದ್ದು, ಯಾವುದು ಆಯ್ದ ಅವಧಿಯಿಂದ ಬಂದದ್ದು, ಯಾವುದು ಲೆಕ್ಕದ ಕ್ರಮದಿಂದಲೇ ಹುಟ್ಟಿದ್ದು ಎಂಬುದನ್ನು ಬೇರ್ಪಡಿಸಿ ಹೇಳಲು ಸಾಧ್ಯವಾಗುತ್ತದೆ.